ಗೌರಿ-ಗಣೇಶ ಹಬ್ಬದ ಕೆಲಸ ಹಂಚಿಕೊಳ್ಳಲು ಗಂಡನ ಮನೆಯವರಿಗೆ ಸಂದೇಶ ಬರೆಯುವ ಬಗೆ

ಪ್ರಶ್ನೆ: ಅತ್ತೆಯವರಿಗೆ ಮಂಡಿನೋವು ಇರುವುದರಿಂದ ಹಾಸನದ ಮನೆಯಲ್ಲಿ ಆಗುತ್ತಿದ್ದ ಗೌರಿ-ಗಣೇಶ ಹಬ್ಬ ಕಳೆದ ವರ್ಷದಿಂದ ಬೆಂಗಳೂರಿನ ನಮ್ಮ ಫ್ಲ್ಯಾಟಿಗೆ ಬಂದಿದೆ. ಮೈಸೂರಿನಿಂದ ಭಾವ ಮತ್ತು ಓರಗಿತ್ತಿ, ತುಮಕೂರಿನಿಂದ ನಾದಿನಿಯ ಸಂಸಾರ, ಚಿಕ್ಕಮಾವನವರ ಮನೆಯವರು, ನಮ್ಮ ಅಪ್ಪ-ಅಮ್ಮ, ಎಲ್ಲ ಸೇರಿ ಗಣೇಶನ ದಿನದ ಊಟಕ್ಕೆ 21 ಜನ. ಹೋಳಿಗೆ, ಕಡುಬು ಎರಡೂ ಆಗಬೇಕೆಂದು ಅತ್ತೆಯವರ ಆಸೆ. ಕಳೆದ ವರ್ಷ ಹೆಚ್ಚುಕಡಿಮೆ ಎಲ್ಲವನ್ನೂ ನಾನೇ ಮಾಡಿ ಸುಸ್ತಾದೆ. ನಾನೂ ಕೆಲಸಕ್ಕೆ ಹೋಗುವವಳು. ಈ ಸಲ ಕೆಲಸ ಹಂಚಿಕೊಳ್ಳೋಣ ಎಂದು ಮನೆಯ ವಾಟ್ಸಾಪ್ ಗುಂಪಿನಲ್ಲಿ ಬರೆಯಬೇಕು. ಯಾರಿಗೂ ಬೇಸರವಾಗದ ಹಾಗೆ ಹೇಗೆ ಬರೆಯಲಿ?

ಉತ್ತರ: ಗುಂಪಿನಲ್ಲಿ ಬರೆಯುವ ಮೊದಲು ನೀವು ಮಾತನಾಡಬೇಕಾದವರು ಅತ್ತೆಯವರು. ಇದು ಮರ್ಯಾದೆಯ ಮಾತಷ್ಟೇ ಅಲ್ಲ. ಹಂಚಿಕೆಯ ಲೆಕ್ಕವೇ ಅವರ ಒಂದು ಉತ್ತರವನ್ನು ಅವಲಂಬಿಸಿದೆ. ನಿಮ್ಮ ಮನೆಯಲ್ಲಿ ಯಾವ ಯಾವ ಅಡುಗೆ ದೇವರ ನೈವೇದ್ಯಕ್ಕೆ ಹೋಗಬೇಕು, ಯಾವುದು ಕೇವಲ ಎಲೆಗೆ ಬಡಿಸುವುದು ಎಂಬುದೇ ಆ ಉತ್ತರ. ನೈವೇದ್ಯದ ಅಡುಗೆ ಮಡಿಯಲ್ಲಿ, ಅದೇ ದಿನ, ಅದೇ ಒಲೆಯ ಮೇಲೆ ಆಗಬೇಕು ಎಂಬ ಪದ್ಧತಿ ಇರುವ ಮನೆಗಳಲ್ಲಿ ಹಿಂದಿನ ರಾತ್ರಿ ಬೇಯಿಸಿಟ್ಟ ಬೇಳೆ ಮುಸುರೆಯಾಗುತ್ತದೆ, ಅದರ ಹೂರಣದಿಂದ ಮಾಡಿದ ಹೋಳಿಗೆ ದೇವರ ಮುಂದೆ ಬರುವುದಿಲ್ಲ. ಹೋಳಿಗೆಯೂ ನೈವೇದ್ಯಕ್ಕೆ ಬೇಕು ಎಂದು ಅತ್ತೆಯವರು ಹೇಳಿದರೆ ಬೆಳಗಿನ ಐದು ಗಂಟೆಗೇ ಒಬ್ಬರು ಬೇಳೆಗೆ ನಿಲ್ಲಬೇಕಾಗುತ್ತದೆ. ಕಡುಬು, ಪಾಯಸ, ಕೋಸಂಬರಿ ನೈವೇದ್ಯಕ್ಕೆ ಸಾಕು, ಹೋಳಿಗೆ ಎಲೆಗೆ ಇರಲಿ ಎಂದರೆ ಅದೇ ಕೆಲಸ ಹಿಂದಿನ ಸಂಜೆ ಆರಾಮವಾಗಿ ಮುಗಿಯುತ್ತದೆ. ಈ ವಿಷಯ ಗೊತ್ತಿಲ್ಲದೆ ಓರಗಿತ್ತಿಯವರಿಗೆ ಹೂರಣ ಒಪ್ಪಿಸಿದರೆ, ಅವರು ತಂದದ್ದನ್ನು ಹಬ್ಬದ ಬೆಳಿಗ್ಗೆ ಬದಿಗಿಡಬೇಕಾದ ಪ್ರಸಂಗ ಬರಬಹುದು, ಆಗ ಉಂಟಾಗುವ ನೋವು ಕೆಲಸದ ಸುಸ್ತಿಗಿಂತ ಹೆಚ್ಚು ಕಾಲ ಉಳಿಯುತ್ತದೆ.

ಅತ್ತೆಯವರೊಡನೆ ಮಾತನಾಡುವಾಗ ಒಂದು ವಾಕ್ಯವನ್ನು ಮಾತ್ರ ದಯವಿಟ್ಟು ಬಳಸಬೇಡಿ: "ನೀವು ಸುಮ್ಮನೆ ಕುಳಿತು ವಿಶ್ರಾಂತಿ ತೆಗೆದುಕೊಳ್ಳಿ, ನಾವು ನೋಡಿಕೊಳ್ಳುತ್ತೇವೆ." ಹೇಳುವವರಿಗೆ ಇದು ಪ್ರೀತಿಯ ಮಾತು. ಮೂವತ್ತು ನಲವತ್ತು ವರ್ಷ ಆ ಹಬ್ಬವನ್ನು ನಡೆಸಿದವರಿಗೆ ಮಾತ್ರ ತಮ್ಮ ಕೈಯಿಂದ ಮನೆಯ ಬೀಗದ ಕೈಯನ್ನು ತೆಗೆದುಕೊಂಡ ಹಾಗೆ ಕೇಳಿಸುತ್ತದೆ. ಮಂಡಿನೋವಿರುವವರಿಗೆ ಕುಳಿತು ಮಾಡುವ, ಆದರೆ ಅವರಷ್ಟು ಚೆನ್ನಾಗಿ ಬೇರೆ ಯಾರಿಗೂ ಬಾರದ ಕೆಲಸಗಳು ಈ ಹಬ್ಬದಲ್ಲಿ ಬೇಕಾದಷ್ಟಿವೆ. ಬಾಗಿನದ ಮೊರಗಳನ್ನು ತುಂಬಿಸುವುದು, ಹದಿನಾರು ಗಂಟಿನ ಗೌರಿದಾರ ಸಿದ್ಧಪಡಿಸುವುದು, ಹೂಬತ್ತಿ ಹೊಸೆಯುವುದು, ಇಪ್ಪತ್ತೊಂದು ಕಡುಬಿಗೆ ಕಾಯಿ-ಬೆಲ್ಲದ ಹೂರಣ ತುಂಬಿ ಮಡಿಸುವುದು ಇವೆಲ್ಲವೂ ಅಂಥವೇ. ಇದರಲ್ಲಿ ಯಾವುದನ್ನು ಇಟ್ಟುಕೊಳ್ಳುತ್ತೀರಿ ಎಂದು ಅವರನ್ನೇ ಕೇಳಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ. ಗುಂಪಿನ ಸಂದೇಶದಲ್ಲಿ "ಅಮ್ಮನ ಜೊತೆ ಮಾತನಾಡಿಕೊಂಡಿದ್ದೇವೆ" ಎಂಬ ಒಂದು ಸಾಲು ನಿಜವಾಗಿ ಬರೆಯುವಂತಾದರೆ, ಮುಂದಿನ ಅರ್ಧ ತಕರಾರುಗಳು ಹುಟ್ಟುವುದೇ ಇಲ್ಲ.

ಎರಡನೆಯ ವಿಷಯ, ಸಂದೇಶವನ್ನು ಯಾರು ಕಳುಹಿಸಬೇಕು ಎಂಬುದು. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಸಂದೇಶವನ್ನು ನೀವಿಬ್ಬರೂ ಕೂತು ಬರೆಯಿರಿ, ನಿಮ್ಮ ಯಜಮಾನರ ಫೋನಿನಿಂದ ಹೋಗಲಿ, ಕೆಳಗೆ ಇಬ್ಬರ ಹೆಸರೂ ಇರಲಿ. ಓದುವವರು ಅವರ ಅಣ್ಣ, ಅವರ ತಂಗಿ. ತಮ್ಮ ಕೇಳಿದರೆ ಮನೆಯ ಮಾತಾಗುವುದು, ಅದೇ ಮಾತನ್ನು ಸೊಸೆ ಬರೆದರೆ ದೂರಿನಂತೆ ಕಾಣುವ ಅಪಾಯವಿದೆ. ಇದು ನ್ಯಾಯವೇ ಎಂದು ನೀವು ಕೇಳಬಹುದು. ನ್ಯಾಯವಲ್ಲ, ಆದರೆ ಹಬ್ಬಕ್ಕೆ ಎರಡು ಮೂರು ವಾರ ಉಳಿದಿರುವಾಗ ಬದಲಾಯಿಸಲಾಗುವ ಸಂಗತಿಯೂ ಅಲ್ಲ. ಜೊತೆಗೆ ಇದರಿಂದ ಇನ್ನೊಂದು ಪ್ರಯೋಜನವಿದೆ. ಕೆಲಸದ ಪಟ್ಟಿಯನ್ನು ತಮ್ಮ ಕೈಯಿಂದ ಬರೆದವರಿಗೆ ಆ ಪಟ್ಟಿ ಎಷ್ಟು ಉದ್ದ ಎಂಬುದು ಮೊದಲ ಬಾರಿಗೆ ಅರ್ಥವಾಗುತ್ತದೆ.

ಆ ಪಟ್ಟಿಯನ್ನೇ ಈಗ ನೋಡೋಣ. ಹೆಚ್ಚಿನ ಮನೆಗಳಲ್ಲಿ ಹಂಚಿಕೆ ಎಂದರೆ ಅಡುಗೆಗಳ ಹಂಚಿಕೆ: ನೀವು ಪಾಯಸ, ಅವರು ಪಲ್ಯ, ಇವರು ಚಿತ್ರಾನ್ನ. ಹಂಚಿಕೆ ಕೆಡುವುದು ಇಲ್ಲಿಯೇ. ಅಡುಗೆ ಹಂಚಿದರೂ ಅದರ ಹಿಂದಿನ ಯೋಚನೆ, ದಿನಸಿ, ಪಾತ್ರೆ ಹೊಂದಿಸುವುದು, ಕೊನೆಗೆ ತೊಳೆಯುವುದು ಎಲ್ಲ ಆತಿಥ್ಯ ವಹಿಸಿದವಳ ತಲೆಯ ಮೇಲೆಯೇ ಉಳಿಯುತ್ತವೆ, ಮತ್ತು ಸಹಾಯಕ್ಕೆ ಬಂದವರು ಪ್ರತಿ ಹತ್ತು ನಿಮಿಷಕ್ಕೊಮ್ಮೆ "ಏಲಕ್ಕಿ ಎಲ್ಲಿದೆ" ಎಂದು ಕೇಳುತ್ತಿರುತ್ತಾರೆ. ಆದ್ದರಿಂದ ಕೊಡುವುದಾದರೆ ಒಂದು ಕೆಲಸದ ಪೂರ್ತಿ ಹೊಣೆಯನ್ನು ಕೊಡಬೇಕು: ನೆನಪಿಡುವುದು, ಸಾಮಾನು ತರುವುದು, ಮಾಡುವುದು, ಆ ಜಾಗವನ್ನು ಸ್ವಚ್ಛಗೊಳಿಸುವುದು, ನಾಲ್ಕೂ ಒಬ್ಬರದೇ.

ಪೂರ್ತಿ ಹೊಣೆ ಎಂದಾಗ ಒಂದಕ್ಕೊಂದು ಅಂಟಿಕೊಂಡ ಕೆಲಸಗಳನ್ನು ಬಿಡಿಸಬಾರದು. ಹೋಳಿಗೆಯೇ ಒಳ್ಳೆಯ ಉದಾಹರಣೆ. 21 ಜನರಿಗೆ ತಲಾ ಎರಡು, ಮನೆಗೆ ಕಟ್ಟಿಕೊಡಲು ಇನ್ನು ಕೆಲವು ಎಂದರೆ ಐವತ್ತಕ್ಕೂ ಹೆಚ್ಚು ಹೋಳಿಗೆ ಬೇಕು. ಸಾಧಾರಣ ಗಾತ್ರಕ್ಕೆ ಒಂದು ಕೆಜಿ ಕಡಲೆಬೇಳೆ, ಸುಮಾರು ಅಷ್ಟೇ ಬೆಲ್ಲ ಸಾಕಾಗುತ್ತದೆ. ಬೇಳೆ ಬೆಂದಾಗ ಬಸಿದ ಕಟ್ಟಿನಿಂದಲೇ ಹೋಳಿಗೆ ಸಾರು ಆಗಬೇಕು. ಹೂರಣ ಒಬ್ಬರಿಗೆ, ಸಾರು ಇನ್ನೊಬ್ಬರಿಗೆ ಎಂದು ಬರೆದರೆ, ಹೂರಣದವರು ಕಟ್ಟನ್ನು ಚೆಲ್ಲಿ ಬರುವುದೂ ಉಂಟು, ಸಾರಿನವರು ಹಬ್ಬದ ಬೆಳಿಗ್ಗೆ ಬೇರೆ ಬೇಳೆ ಬೇಯಿಸುವುದೂ ಉಂಟು. ಹೂರಣ, ಕಟ್ಟು, ಸಾರು ಮೂರೂ ಒಂದೇ ಹೊಣೆ. ಆದರೆ ಹೋಳಿಗೆ ತಟ್ಟಿ ಬೇಯಿಸುವುದು ಬೇರೆ ಹೊಣೆಯಾಗಬಹುದು, ಆಗಲೇಬೇಕು. ಒಂದು ಹೋಳಿಗೆಗೆ ಎರಡು ನಿಮಿಷ ಹಿಡಿದರೂ ಒಂದೇ ಕಾವಲಿಯ ಮುಂದೆ ಹೆಚ್ಚುಕಡಿಮೆ ಎರಡು ಗಂಟೆ ನಿಲ್ಲಬೇಕು, ಅದೂ ಊಟದ ಹೊತ್ತು ಹತ್ತಿರವಾಗುತ್ತಿರುವಾಗ. ಹಿಂದಿನ ಸಂಜೆ ಹೂರಣ ಮಾಡಿದವರನ್ನೇ ಮರುದಿನ ಆ ಕಾವಲಿಯ ಮುಂದೆ ನಿಲ್ಲಿಸುವುದು ನ್ಯಾಯವಲ್ಲ. ಮಧ್ಯದಲ್ಲಿ ಆಳು ಬದಲಾಗುವಂತಿರಲಿ, ಸಾಧ್ಯವಿದ್ದರೆ ಎರಡು ಕಾವಲಿ ಇರಲಿ. ಹೋಳಿಗೆ ಎಲೆಗೆ ಮಾತ್ರ ಎಂದು ಅತ್ತೆಯವರು ಹೇಳಿದ್ದರೆ, ಗಂಡಸರು ಅದನ್ನು ಬೇಯಿಸಲು ನಿಂತರೆ ಯಾವ ಮಡಿಗೂ ಭಂಗವಿಲ್ಲ.

ಯಾವ ಕೆಲಸಕ್ಕೆ ಎಷ್ಟು ಹೊತ್ತು ಎಂದು ಪ್ರತಿಯೊಂದರ ಮುಂದೆ ಒಮ್ಮೆ ಬರೆದು ನೋಡಿ. ಮನೆ ಸ್ವಚ್ಛಗೊಳಿಸುವುದರಿಂದ ಹಿಡಿದು ವಿಸರ್ಜನೆಯ ಮರುದಿನ ಪಾತ್ರೆಗಳನ್ನು ಮೇಲೆ ಇಡುವವರೆಗೆ ಕೂಡಿಸಿದರೆ, ಇಷ್ಟು ಜನರ ಹಬ್ಬಕ್ಕೆ ನನ್ನ ಅಂದಾಜಿನಲ್ಲಿ ಮೂವತ್ತು ಗಂಟೆಗಳ ದುಡಿಮೆಯಾಗುತ್ತದೆ. ಅದರಲ್ಲಿ ಸುಮಾರು ಹನ್ನೆರಡು ಗಂಟೆಯ ಕೆಲಸ, ಅಂದರೆ ಮನೆ ಸ್ವಚ್ಛತೆ, ಹೂವು-ಹಣ್ಣು-ಬಾಳೆಕಂದಿನ ಮಾರುಕಟ್ಟೆ, ಮಂಟಪ, ಹಬ್ಬದ ನಂತರದ ಶುಚಿ, ಯಾವ ಮನೆಯಲ್ಲಿ ಹಬ್ಬವೋ ಆ ಮನೆಯವರದ್ದೇ ಆಗಿರುತ್ತದೆ, ಅದನ್ನು ದೂರದಿಂದ ಬರುವವರಿಗೆ ಕೊಡಲಾಗುವುದಿಲ್ಲ. ಆದ್ದರಿಂದ ಸಮನಾದ ಹಂಚಿಕೆ ಎಂದರೆ ಎಲ್ಲರಿಗೂ ಒಂದೇ ಸಂಖ್ಯೆಯ ಕೆಲಸವಲ್ಲ. ನೀವಿಬ್ಬರು ಆ ಹನ್ನೆರಡನ್ನು ನಿಮ್ಮ ಪಾಲು ಎಂದು ಒಪ್ಪಿಕೊಂಡು, ಅಡುಗೆಮನೆಯ ಕೆಲಸದಲ್ಲಿ ನಿಮ್ಮ ಭಾಗವನ್ನು ಅಷ್ಟರಮಟ್ಟಿಗೆ ಕಡಿಮೆ ಮಾಡಿಕೊಳ್ಳಬೇಕು. ಈ ಗಂಟೆಗಳ ಲೆಕ್ಕ ನಿಮ್ಮಿಬ್ಬರ ನಡುವೆ ಇರಲಿ, ಸಂದೇಶದಲ್ಲಿ ಬರಬಾರದು. ಗುಂಪಿನಲ್ಲಿ ಗಂಟೆ ಎಣಿಸಿದರೆ ಅದು ಹಬ್ಬದ ಕರೆಯಾಗಿ ಉಳಿಯುವುದಿಲ್ಲ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ನಿಮ್ಮ ನಾದಿನಿಯ ವಿಷಯ. ಬೇರೆ ಹಬ್ಬವಾಗಿದ್ದರೆ ಅವರೂ ಮನೆಯ ಮೂವರು ಮಕ್ಕಳಲ್ಲಿ ಒಬ್ಬರು, ಕೆಲಸವೂ ಮೂರರಲ್ಲಿ ಒಂದು ಪಾಲು ಎನ್ನಬಹುದಿತ್ತು. ಗೌರಿ ಹಬ್ಬ ಹಾಗಲ್ಲ. ಗೌರಿಯೇ ತವರಿಗೆ ಬರುತ್ತಾಳೆ ಎಂದು ನಂಬುವ ದಿನ ಅದು. ಮಗಳಿಗೆ ತವರಿನ ಬಾಗಿನ ಸಲ್ಲುವ ದಿನ. ಮೊರ ಹಿಡಿದು ಬಾಗಿನ ಸ್ವೀಕರಿಸಬೇಕಾದವಳಿಗೆ ಅದೇ ಹೊತ್ತಿನಲ್ಲಿ ಕೆಲಸ ಹೇಳಿದರೆ, "ತವರಿಗೆ ಬಂದರೂ ನನಗೆ ಅಡುಗೆಮನೆಯೇ" ಎಂಬ ಮಾತು ಬರುತ್ತದೆ, ಆ ಮಾತಿನಲ್ಲಿ ತಪ್ಪಿಲ್ಲ. ನನ್ನ ಬಳಿ ಬಂದ ಒಂದು ಕುಟುಂಬದಲ್ಲಿ ಎರಡು ವರ್ಷ ಮಾತು ನಿಂತಿದ್ದು ಇಂಥ ಒಂದು ಸಾಲಿನಿಂದಲೇ. ಆದ್ದರಿಂದ ಗೌರಿಯ ದಿನ ಅವರ ಹೆಸರಿನ ಮುಂದೆ ಯಾವ ಕೆಲಸವನ್ನೂ ಬರೆಯಬೇಡಿ, ಬರೆದಿಲ್ಲ ಎಂಬುದು ಸಂದೇಶದಲ್ಲಿ ಕಾಣುವಂತಿರಲಿ. ಗಣೇಶನ ದಿನ ಮಾತ್ರ ಅವರೂ ಒಂದು ಪೂರ್ತಿ ಹೊಣೆ ಹೊರಲಿ. ತಾಂಬೂಲದ ಜವಾಬ್ದಾರಿ ಅದಕ್ಕೆ ಹೊಂದುತ್ತದೆ: ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು, ರವಿಕೆ ಕಣ ಮತ್ತು ಚೀಲಗಳು. ತುಮಕೂರಿನ ಕಡೆಯಿಂದ ಬರುವಾಗ ತೆಂಗಿನಕಾಯಿ ತರುವುದು ಅವರಿಗೆ ಕಷ್ಟವಾಗದು, ಮತ್ತು ಇದು ಒಲೆಯ ಮುಂದೆ ನಿಲ್ಲುವ ಕೆಲಸವಲ್ಲ. ಅವರ ಯಜಮಾನರು ಮನೆಯ ಅಳಿಯ. ಅವರಿಗೆ ಕೆಲಸವನ್ನು ಬರವಣಿಗೆಯಲ್ಲಿ ಹೇಳಬೇಡಿ. ವಿಸರ್ಜನೆಗೆ ಜೊತೆಗೆ ಬರುತ್ತೀರಾ ಎಂದು ನಿಮ್ಮ ಯಜಮಾನರು ಫೋನಿನಲ್ಲಿ ಕೇಳಿದರೆ ಸಾಕು.

ಓರಗಿತ್ತಿಯವರದ್ದು ಇನ್ನೊಂದು ಬಗೆಯ ಸೂಕ್ಷ್ಮ. ಅವರು ಹಿರಿಯ ಸೊಸೆ, ಹಬ್ಬ ಮಾತ್ರ ಕಿರಿಯ ಸೊಸೆಯ ಮನೆಯಲ್ಲಿ. ಗುಂಪಿನ ಸಂದೇಶ ಹೋಗುವ ಹಿಂದಿನ ದಿನ ನೀವೇ ಅವರಿಗೆ ಪ್ರತ್ಯೇಕವಾಗಿ ಬರೆಯಿರಿ, ಅಥವಾ ಫೋನ್ ಮಾಡಿ. ನೀವು ಅವರನ್ನು ಅಕ್ಕ ಎನ್ನುವವರಾದರೆ ಹೀಗೆ ಬರೆಯಬಹುದು: "ಅಕ್ಕ, ಈ ಸಲ ಹೋಳಿಗೆಯ ಹೂರಣ ಮತ್ತು ಸಾರಿನ ಪೂರ್ತಿ ಜವಾಬ್ದಾರಿಯನ್ನು ನೀವು ವಹಿಸಿಕೊಂಡರೆ ನನಗೆ ಧೈರ್ಯ. ಗೌರಿಯ ದಿನ ಸಂಜೆ ಇಲ್ಲಿಗೆ ಬಂದ ಮೇಲೆ ನಮ್ಮ ಮನೆಯಲ್ಲೇ ಮಾಡೋಣ, ಆ ಹೊತ್ತಿಗೆ ಒಲೆ, ಗ್ರೈಂಡರ್, ದೊಡ್ಡ ಪಾತ್ರೆ ನಿಮಗಾಗಿ ಖಾಲಿ ಇಟ್ಟಿರುತ್ತೇನೆ. ನಿಮಗೆ ಬೇರೆ ಯಾವುದಾದರೂ ಅನುಕೂಲ ಎನಿಸಿದರೆ ಹೇಳಿ, ಗುಂಪಿನಲ್ಲಿ ಹಾಕುವ ಮೊದಲೇ ಬದಲಾಯಿಸುತ್ತೇನೆ." ಕೊನೆಯ ವಾಕ್ಯ ಮುಖ್ಯ. ಬೇಡ ಎನ್ನುವ ಅವಕಾಶ ಎಲ್ಲರೆದುರು ಅಲ್ಲ, ಏಕಾಂತದಲ್ಲಿ ಸಿಕ್ಕಿರಬೇಕು.

ಇಷ್ಟು ಮಾತು ಮುಗಿದ ಮೇಲೆ ಗುಂಪಿನ ಸಂದೇಶ ಹೊಸ ಸುದ್ದಿಯಲ್ಲ, ಒಪ್ಪಿದ್ದನ್ನು ಬರೆದಿಟ್ಟಂತೆ. ಹಬ್ಬಕ್ಕೆ ಕನಿಷ್ಠ ಎರಡು ವಾರ ಮೊದಲು ಅದು ಹೋಗಲಿ. ನಿಮ್ಮ ಯಜಮಾನರು ಬರೆಯುವಂತೆ ಒಂದು ಮಾದರಿ ಕೊಡುತ್ತೇನೆ:

"ಅಪ್ಪ, ಅಮ್ಮ, ಅಣ್ಣ, ಅತ್ತಿಗೆ, ಭಾವ, ಪುಟ್ಟಿ, ಎಲ್ಲರಿಗೂ ನಮಸ್ಕಾರ.

ಈ ಸಲದ ಗೌರಿ-ಗಣೇಶ ಹಬ್ಬ ನಮ್ಮ ಮನೆಯಲ್ಲಿ. ಗಣೇಶನ ದಿನ ಮಧ್ಯಾಹ್ನದ ಊಟಕ್ಕೆ ನಾವೆಲ್ಲ ಸೇರಿ 21 ಜನ ಆಗುತ್ತೇವೆ. ಪೂಜೆಯ ಕ್ರಮ, ನೈವೇದ್ಯ, ಬಾಗಿನ ಎಲ್ಲವನ್ನೂ ಅಮ್ಮನ ಜೊತೆ ಮಾತನಾಡಿಕೊಂಡಿದ್ದೇವೆ. ನೈವೇದ್ಯಕ್ಕೆ ಕಡುಬು, ಪಾಯಸ, ಕೋಸಂಬರಿ, ಹೋಳಿಗೆ ಎಲೆಗೆ ಎಂದು ಅಮ್ಮ ಹೇಳಿದ್ದಾರೆ. ಬಾಗಿನ ತುಂಬಿಸುವುದು ಮತ್ತು ಕಡುಬು ಅಮ್ಮನ ಕೈಯಲ್ಲೇ ಆಗಲಿ, ಮೇಲೆ ಕೆಳಗೆ ಓಡಾಡುವುದಕ್ಕೆ ನಾವಿದ್ದೇವೆ.

ಮನೆ, ಮಾರುಕಟ್ಟೆ, ಮಂಟಪ, ಪಾಯಸ, ಕೋಸಂಬರಿ, ಅನ್ನ, ಪಲ್ಯ ನಮ್ಮಿಬ್ಬರದು. ಪಾತ್ರೆ ತೊಳೆಯಲು ಎರಡೂ ದಿನ ಒಬ್ಬರನ್ನು ಗೊತ್ತುಮಾಡಿದ್ದೇವೆ. ಹೋಳಿಗೆಯ ಹೂರಣ, ಕಟ್ಟಿನ ಸಾರು ಅತ್ತಿಗೆ ವಹಿಸಿಕೊಂಡಿದ್ದಾರೆ, ಕಡಲೆಬೇಳೆ, ಬೆಲ್ಲ, ಏಲಕ್ಕಿ ಅವರೇ ಮೈಸೂರಿನಿಂದ ತರುತ್ತಾರೆ. ಹೋಳಿಗೆ ಬೇಯಿಸುವುದಕ್ಕೆ ಹತ್ತು ಗಂಟೆಯಿಂದ ನಾನು ಮತ್ತು ಅಣ್ಣ ಎರಡು ಕಾವಲಿ ಇಟ್ಟುಕೊಂಡು ನಿಲ್ಲುತ್ತೇವೆ. ಪುಟ್ಟಿ, ಗೌರಿಯ ದಿನ ನೀನು ಬಾಗಿನಕ್ಕೆ ಬರುವವಳು, ಅಂದು ನಿನಗೆ ಯಾವ ಕೆಲಸವೂ ಇಲ್ಲ. ಗಣೇಶನ ದಿನದ ತಾಂಬೂಲ ಪೂರ್ತಿ ನಿನ್ನದು. ಚೀಲಗಳು ಹತ್ತು ಇರಲಿ. ಊಟ ಎರಡು ಪಂಕ್ತಿಯಲ್ಲಿ. ಮೊದಲ ಪಂಕ್ತಿಗೆ ನಾವು ಬಡಿಸುತ್ತೇವೆ, ಎರಡನೆಯದಕ್ಕೆ ಮೊದಲು ಉಂಡವರು.

ದಿನಸಿಯ ಖರ್ಚನ್ನು ನಾನು ಮತ್ತು ಅಣ್ಣ ಮಾತನಾಡಿಕೊಳ್ಳುತ್ತೇವೆ. ಇದರಲ್ಲಿ ಯಾವುದಾದರೂ ಅನುಕೂಲವಾಗದಿದ್ದರೆ ಬರುವ ಭಾನುವಾರ ರಾತ್ರಿಯೊಳಗೆ ನನಗೆ ಒಂದು ಫೋನ್ ಮಾಡಿ, ಸೋಮವಾರ ಸಾಮಾನಿನ ಪಟ್ಟಿ ಮಾಡುತ್ತೇವೆ."

ಈ ಸಂದೇಶದಲ್ಲಿ "ಸಹಾಯ" ಎಂಬ ಪದ ಇಲ್ಲದಿರುವುದನ್ನು ಗಮನಿಸಿ. "ಸಾಧ್ಯವಾದರೆ ಸ್ವಲ್ಪ ಸಹಾಯ ಮಾಡಿ" ಎಂದೊಡನೆ ಹಬ್ಬ ನಿಮ್ಮ ಕೆಲಸವೆಂದೂ ಉಳಿದವರು ಉಪಕಾರ ಮಾಡುವವರೆಂದೂ ನೀವೇ ಒಪ್ಪಿದಂತಾಗುತ್ತದೆ. ಉತ್ತರವೂ ಅದಕ್ಕೆ ತಕ್ಕಂತೆ "ಆಗಲಿ, ಬಂದಾಗ ಮಾಡೋಣ" ಎಂದು ಬರುತ್ತದೆ. ಕಳೆದ ವರ್ಷದ ಮಾತು ಕೂಡ ಇಲ್ಲ. ನಿಮ್ಮ ಸುಸ್ತು ನಿಜವಾದದ್ದೇ, ಅದನ್ನು ಅತ್ತೆಯವರಿಗೋ ಅಕ್ಕನಿಗೋ ಎದುರು ಕೂತು ಹೇಳಬಹುದು. ಗುಂಪಿನಲ್ಲಿ ಬರೆದರೆ ಆ ವರ್ಷ ಬಂದು ಉಂಡು ಹೋದವರೆಲ್ಲ ತಪ್ಪಿತಸ್ಥರಾಗುತ್ತಾರೆ, ಆಮೇಲೆ ಚರ್ಚೆ ಹಬ್ಬದ ಕೆಲಸವನ್ನು ಬಿಟ್ಟು ಯಾರು ಏನು ಮಾಡಲಿಲ್ಲ ಎಂಬಲ್ಲಿಗೆ ಹೋಗುತ್ತದೆ.

ಖರ್ಚಿನ ಅಂಕಿಯನ್ನು ಬೇಕೆಂದೇ ಹೊರಗಿಟ್ಟಿದ್ದೇನೆ. ಅಣ್ಣತಮ್ಮಂದಿರು ಅದನ್ನು ಸಮವಾಗಿ ಹಂಚಿಕೊಂಡರೆ ಸಾಕು. ಅತ್ತೆ-ಮಾವನವರಿಂದ, ಬಾಗಿನ ಪಡೆಯುವ ಮಗಳಿಂದ ಆ ದಿನ ದುಡ್ಡು ಕೇಳುವುದು ಸರಿಯಲ್ಲ.

ಸಂದೇಶ ಹೋದ ಮೇಲೆ ಅದು ತಲುಪಿತೇ ಇಲ್ಲವೇ ಎಂಬುದು ಬರುವ ಉತ್ತರದ ಬಗೆಯಿಂದಲೇ ತಿಳಿಯುತ್ತದೆ. "ಹೂರಣಕ್ಕೆ ಬೆಲ್ಲ ಅಚ್ಚಿನದು ತರಲೇ, ಪುಡಿಯೇ" ಎಂಬ ಪ್ರಶ್ನೆ ಬಂದರೆ ಹೊಣೆ ಅವರ ಕೈಗೆ ಹೋಯಿತು ಎಂದು ತಿಳಿಯಿರಿ. ಬರೀ ಕೈಮುಗಿದ ಚಿತ್ರವೋ ಹೆಬ್ಬೆರಳೋ ಬಂದರೆ ಓದಿದ್ದಾರೆ ಎಂದಷ್ಟೇ ಅರ್ಥ. ಅಂಥವರಿಗೆ ಭಾನುವಾರದ ನಂತರ ನಿಮ್ಮ ಯಜಮಾನರು ಫೋನ್ ಮಾಡಿ ಒಂದೇ ಒಂದು ವಿವರ ಕೇಳಲಿ, ಎಷ್ಟು ಕಾಯಿ ತರುತ್ತೀ, ಎಷ್ಟು ಹೊತ್ತಿಗೆ ಬರುತ್ತೀ ಎಂದು. "ಏನು ಬೇಕೋ ಹೇಳಿ, ಬಂದು ಮಾಡುತ್ತೇವೆ" ಎಂಬ ಉತ್ತರ ಒಳ್ಳೆಯ ಮನಸ್ಸಿನಿಂದ ಬರುತ್ತದೆ, ಆದರೆ ಹೊಣೆ ನಿಮ್ಮಲ್ಲಿಯೇ ಉಳಿಯಿತು ಎಂಬುದರ ಸೂಚನೆಯೂ ಅದೇ. ಅದಕ್ಕೆ "ಸಂದೇಶದಲ್ಲಿ ಬರೆದಿರುವ ತಾಂಬೂಲ ಒಂದನ್ನು ಪೂರ್ತಿ ನೋಡಿಕೊಂಡರೆ ಸಾಕು" ಎಂದು ಅದೇ ಕೆಲಸವನ್ನು ಮತ್ತೊಮ್ಮೆ ಹೆಸರು ಹಿಡಿದು ಹೇಳಿ, ಹೊಸದೊಂದನ್ನು ಸೇರಿಸಬೇಡಿ. ಅತ್ತೆಯವರು ನಿಮಗೆ ಪ್ರತ್ಯೇಕವಾಗಿ ಫೋನ್ ಮಾಡಿ "ಅವಳಿಗೆ ಪಾಪ ಯಾಕೆ, ನಾನೇ ಮಾಡುತ್ತೇನೆ ಬಿಡು" ಎಂದರೆ ಮಾತ್ರ ಹಂಚಿಕೆ ಸಡಿಲವಾಗುತ್ತಿದೆ ಎಂದು ಅರ್ಥ. ಆಗ ವಾದಕ್ಕಿಳಿಯದೆ ನಿಮ್ಮ ಯಜಮಾನರಿಗೆ ಫೋನ್ ಕೊಡಿ; ಹಂಚಿಕೆ ಬರೆದ ಹಾಗೆಯೇ ಇರಲಿ ಎಂದು ಮಗ ಹೇಳಿದರೆ ಅವರು ಕೇಳುತ್ತಾರೆ.

ಯಾರಾದರೂ ನಿಜವಾಗಿಯೂ ಆಗುವುದಿಲ್ಲ ಎಂದರೆ ಆ ಕೆಲಸವನ್ನು ನೀವು ಎತ್ತಿಕೊಳ್ಳುವ ಮೊದಲು, ಅದನ್ನು ಹೊರಗಿನಿಂದ ತರಿಸಬಹುದೇ ಎಂದು ನೋಡಿ. ಎಲೆಗೆ ಬಡಿಸುವ ಹೋಳಿಗೆಯನ್ನು ಅಂಗಡಿಗೆ ಹೇಳಿಸಬಹುದು, ನೈವೇದ್ಯಕ್ಕೆ ಸೇರದ್ದು ಎಂದು ಮೊದಲೇ ಅತ್ತೆಯವರಿಂದ ಕೇಳಿ ತಿಳಿದಿದ್ದೀರಿ. ಹಬ್ಬದ ವಾರದಲ್ಲಿ ಅಂಗಡಿಗಳ ಮೇಲೆ ಒತ್ತಡ ಹೆಚ್ಚಿರುವುದರಿಂದ ಒಂದು ವಾರ ಮುಂಚೆ ಮುಂಗಡ ಕೊಟ್ಟಿರಬೇಕು. ಹಾಗೆ ತರಿಸಿದರೆ ಬೇಳೆ ಬೇಯುವುದಿಲ್ಲ, ಕಟ್ಟೂ ಇರುವುದಿಲ್ಲ, ಆ ದಿನದ ಸಾರಿಗೆ ತೊಗರಿಬೇಳೆ ಬೇರೆ ತೆಗೆದಿಡಬೇಕು. ಅದನ್ನೂ ಸೋಮವಾರದ ಪಟ್ಟಿಯಲ್ಲಿ ಬರೆದುಕೊಳ್ಳಿ.